ಬಣ್ಣದಕ್ಕನ ಆರನೇ ಷರತ್ತು

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನನ್ನ ಯಜಮಾನರ ಅಕ್ಕ ಇದ್ದಾರೆ. ಓಣಿಯಲ್ಲಿ ಎಲ್ಲರ ಬಾಯಲ್ಲೂ ಅವರು ಬಣ್ಣದಕ್ಕ. ಪೊಟ್ಟಣ, ಡಬ್ಬಿ, ಬಾಟಲಿಗಳ ಮೇಲೆ ಅಂಟಿಸುವ ಚೀಟಿಗಳನ್ನು ವಿನ್ಯಾಸ ಮಾಡುವುದು ಅವರ ಕಸುಬು. ಯಾವ ಕಂಪನಿಯ ಸಂಬಳವೂ ಇಲ್ಲ. ಕೆಲಸ ಬಂದರೆ ಊಟ, ಇಲ್ಲದಿದ್ದರೆ ಹಳೆಯ ಗಿರಾಕಿಗಳಿಗೆ ಫೋನು.

ಕಂಡ ಬಣ್ಣಕ್ಕೆಲ್ಲ ಹೆಸರಿಡುವ ಚಾಳಿ ಅವರದು. ನನ್ನ ಮಗಳು ಪುಟ್ಟಿ ಕಾಯಿಲೆ ಬಿದ್ದಾಗ ಅವಳ ಕೆನ್ನೆ ನೋಡಿ ‘ಜ್ವರದ ಗುಲಾಬಿ’ ಎಂದರು. ನಾನು ಥರ್ಮಾಮೀಟರ್ ಹುಡುಕುತ್ತ ಅಳುತ್ತಿದ್ದೆ, ಅವರು ಆ ಹೆಸರನ್ನು ಕಂಪ್ಯೂಟರಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಆಮೇಲೆ ಡಾಕ್ಟರ ಬಳಿಗೆ ಓಡಿದವರೂ ಅವರೇ ಅನ್ನಿ. ಅಂಥ ಬಣ್ಣಗಳು ಅವರ ಸಂಗ್ರಹದಲ್ಲಿ ನೂರಾರಿವೆ: ‘ಎರಡನೇ ದಿನದ ಮೊಣಕೈ ಏಟು’, ‘ತಮ್ಮನ ಆಫೀಸು ಅಂಗಿ’, ‘ಕುದಿದು ಮರೆತ ಹಾಲು’.

ಅಷ್ಟೆಲ್ಲ ಬಣ್ಣ ಬಲ್ಲವರ ಕಂಪ್ಯೂಟರಿನ ಪರದೆಗೆ ಕಾಯಿಲೆ ಬಂದಿತ್ತು. ಎಡಗಡೆ ಅರ್ಧಕ್ಕೆ ಕೆಂಪು ಹರಡಿ, ಬಿಳಿ ಹಾಳೆಯೂ ಕಂದಿದ ಹಾಗೆ ಕಾಣುತ್ತಿತ್ತು. ಮಾಡಿದ ಚಿತ್ರವನ್ನೆಲ್ಲ ಬಲಗಡೆಗೆ ಎಳೆದು, ಅಚ್ಚಾದ ಬಣ್ಣದ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದೊಂದನ್ನೇ ತಾಳೆ ನೋಡಬೇಕಾಗಿತ್ತು. ಒಂದು ದಿನದ ಕೆಲಸಕ್ಕೆ ಮೂರು ದಿನ. ಆಗಲೇ ಇಬ್ಬರು ಗಿರಾಕಿಗಳು ಕಾಯಲಾಗದೆ ಬೇರೆಯವರ ಬಳಿಗೆ ಹೋಗಿದ್ದರು. ಹೊಸ ಪರದೆಗೆ ಬೇಕಾದ ದುಡ್ಡು ಇತ್ತು. ಆದರೆ ಅದು ಇದ್ದದ್ದು ಸಾಬೂನು ಧಣಿಯ ಜೇಬಿನಲ್ಲಿ.

ಸಾಬೂನು ಧಣಿ ಎಂದರೆ ಪೇಟೆಯ ಆಚೆ ಚಿಕ್ಕ ಕಾರ್ಖಾನೆ ಇಟ್ಟುಕೊಂಡವರು. ಅಕ್ಕ ಅವರ ಸಾಬೂನಿಗೆ ಹೊದಿಕೆ ಮಾಡಿಕೊಟ್ಟಿದ್ದರು. ಮಾತು ಅರವತ್ತು ಸಾವಿರ. ಅರ್ಧ ಮುಂಗಡ, ಉಳಿದರ್ಧ ವಿನ್ಯಾಸದ ಕಡತ ಪ್ರೆಸ್ಸಿಗೆ ಹೋದ ಹದಿನೈದು ದಿನದೊಳಗೆ. ಹೊದಿಕೆ ಅಚ್ಚಾಯಿತು, ಸಾಬೂನು ಅಂಗಡಿಗೆ ಬಂತು, ನಮ್ಮ ಬಸ್ ನಿಲ್ದಾಣದ ಎದುರಿಗೇ ಅದರ ಆಳೆತ್ತರದ ಬೋರ್ಡೂ ಕಂಬಗಳ ಮೇಲೆ ಎದ್ದಿತು. ಉಳಿದರ್ಧ ಮಾತ್ರ ಬರಲಿಲ್ಲ.

ಪುಟ್ಟಿಯನ್ನು ಶಿಶುವಿಹಾರಕ್ಕೆ ಬಿಡಲು ಹೋಗುವಾಗ ದಿನವೂ ಆ ಬೋರ್ಡಿನ ಕೆಳಗೇ ದಾಟಬೇಕು. ತೆಳು ಹಸಿರು ಬಣ್ಣ, ಅದರ ಮೇಲೊಂದು ನೀರಹನಿ. ಆ ಹನಿಗಾಗಿ ಅಕ್ಕ ವಾರಗಟ್ಟಲೆ ನಲ್ಲಿಯ ಮುಂದೆ ಕೂತಿದ್ದನ್ನು ನಾನು ಕಂಡಿದ್ದೆ. ಬೋರ್ಡು ಕಂಡಾಗಲೆಲ್ಲ ಹಲ್ಲು ಕಡಿಯುತ್ತಿದ್ದೆ. ಗಾಳಿಗೆ ಬೀಳಲಿ, ಧಣಿಯ ಕಾರಿನ ಮೇಲೇ ಬೀಳಲಿ, ಆದರೆ ಕಾರಿನಲ್ಲಿ ಯಾರೂ ಇರದಿರಲಿ, ಪಕ್ಕದಲ್ಲಿ ಮಕ್ಕಳು ಓಡಾಡದಿರಲಿ. ನನ್ನ ಶಾಪಗಳಿಗೂ ಇಷ್ಟೊಂದು ಮುಂಜಾಗ್ರತೆ.

ಗಡುವು ಮೀರಿ ಒಂದು ತಿಂಗಳಾದಾಗ ಅಕ್ಕ ನೆನಪೋಲೆ ಬರೆಯಲು ಕೂತರು. ನಾನು ಪಕ್ಕದಲ್ಲೇ ನಿಂತು ಉರಿಯುತ್ತಿದ್ದೆ.

“ಅಕ್ಕ, ‘ನಿಮಗೆ ನಾಚಿಕೆ ಆಗಲ್ವಾ’ ಅಂತ ಶುರು ಮಾಡಿ.”

“ಹಾಗೆ ಬರೆದ್ರೆ ಅವರಿಗೆ ಖುಷಿ ಕಣೇ. ‘ನೋಡಿ, ಎಂಥಾ ಮಾತಾಡಿದ್ಲು’ ಅಂತ ಊರಿಗೆಲ್ಲ ತೋರಿಸ್ಕೊಂಡು ಓಡಾಡ್ತಾರೆ. ದುಡ್ಡಿನ ಮಾತೇ ಮರೆತು ಹೋಗತ್ತೆ. ನನ್ನ ಕಾಗದದಲ್ಲಿ ಅವರಿಗೆ ನೆಪ ತೂಗುಹಾಕೋಕೆ ಒಂದು ಮೊಳೆನೂ ಸಿಗಬಾರದು.”

“ಮತ್ತೆ ಸೇಡು?”

“ಕೋಪಾನ ಷರತ್ತಿನೊಳಗೆ ಇಟ್ಟಿದೀನಿ. ತಿಂಗಳಿಗೆ ಎರಡು ಪರ್ಸೆಂಟು.”

ಅವರು ಬರೆದದ್ದು ಇಷ್ಟು:

‘ಮಾನ್ಯರೇ, ನಮಸ್ಕಾರ. ಸಾಬೂನಿನ ಹೊದಿಕೆಯ ವಿನ್ಯಾಸಕ್ಕೆ ಸಂಬಂಧಿಸಿದ ಇನ್‌ವಾಯ್ಸ್ ಸಂಖ್ಯೆ 47ರ ಬಾಕಿ ಮೂವತ್ತು ಸಾವಿರ, ಕಳೆದ ತಿಂಗಳ ಹತ್ತನೇ ತಾರೀಖಿಗೆ ಸಲ್ಲಬೇಕಿತ್ತು. ಕೆಲಸದ ಒತ್ತಡದಲ್ಲಿ ಕಣ್ತಪ್ಪಿರಬಹುದೆಂದು ನೆನಪಿಸುತ್ತಿದ್ದೇನೆ. ತಾವು ಒಪ್ಪಿದ ಕೊಟೇಷನ್ನಿನ ಆರನೇ ಷರತ್ತಿನಂತೆ ಗಡುವು ಮೀರಿದ ಮೊತ್ತಕ್ಕೆ ತಿಂಗಳಿಗೆ ಶೇಕಡಾ ಎರಡರಷ್ಟು ತಡಪಾವತಿ ಶುಲ್ಕ ಸೇರುತ್ತದೆ; ಇಂದಿಗೆ ಅದು ಆರುನೂರು. ಒಟ್ಟು ಮೂವತ್ತು ಸಾವಿರದ ಆರುನೂರನ್ನು ಈ ವಾರದೊಳಗೆ ಪಾವತಿಸಬೇಕಾಗಿ ವಿನಂತಿ. ಇನ್‌ವಾಯ್ಸಿನ ಪ್ರತಿ ಲಗತ್ತಿಸಿದೆ. ಈಗಾಗಲೇ ಪಾವತಿಸಿದ್ದರೆ ದಯವಿಟ್ಟು ಇದನ್ನು ಕಡೆಗಣಿಸಿ.’

ಓದಿದಾಗ ನನಗೆ ಸಪ್ಪೆಯೆನಿಸಿತು. ಕೈ ಮುಗಿದು ಕಪಾಳಕ್ಕೆ ಹೊಡೆದ ಹಾಗಿದೆ ಎಂಬುದು ಎರಡನೇ ಸಲ ಓದಿದಾಗ ತಿಳಿಯಿತು.

ಧಣಿಯಿಂದ ಬಂದ ಉತ್ತರ ಎರಡೇ ಮಾತು: ‘ನೋಡೋಣ ತಂಗಿ.’

ಮುಂದಿನ ತಿಂಗಳು ಅದೇ ಕಾಗದ ಮತ್ತೆ ಹೋಯಿತು. ಆರುನೂರು ಇದ್ದಲ್ಲಿ ಸಾವಿರದ ಇನ್ನೂರು, ಅಷ್ಟೇ ವ್ಯತ್ಯಾಸ. ‘ಕಣ್ತಪ್ಪಿರಬಹುದು’ ಎಂಬುದು ಹಾಗೇ ಉಳಿಯಿತು. ಈ ಸಲ ಉತ್ತರವೂ ಇಲ್ಲ. ಧಣಿ ಸಿಟ್ಟಾಗಿ ಊರಿನ ಬೇರೆ ವ್ಯಾಪಾರಿಗಳಿಗೆ ಚಾಡಿ ಹೇಳಿದರೆ? ಅಕ್ಕನಿಗೆ ಕೆಲಸವೇ ನಿಂತುಹೋದರೆ? ಆ ಕೆಂಪು ಪರದೆ ನೋಡಿ ನೋಡಿ ಅವರ ಕಣ್ಣೇ ಹಾಳಾದರೆ? ಚಿಂತೆ ಮಾಡಲು ನನಗೆ ಯಾರೂ ಕಾರಣ ತಂದುಕೊಡಬೇಕಾಗಿಲ್ಲ, ದಾಸ್ತಾನು ಯಾವಾಗಲೂ ಇರುತ್ತದೆ.

ಗಡುವು ಮೀರಿ ಮೂರು ತಿಂಗಳು ತುಂಬಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ನೋಡಿದರೆ ಖುದ್ದು ಧಣಿ. ಒಂದು ಕೈಯಲ್ಲಿ ಸಾಬೂನಿನ ದೊಡ್ಡ ಡಬ್ಬಿ, ಇನ್ನೊಂದರಲ್ಲಿ ಸುರುಳಿ ಸುತ್ತಿದ ಹಾಳೆ. ಪುಟ್ಟಿಯನ್ನು ಎತ್ತಿಕೊಂಡು ಗೋಡೆಗೆ ಒರಗಿ ನಿಂತೆ.

“ತಂಗೀ, ಮಗೂಗೆ ಅಂತ ತಂದೆ,” ಎಂದು ಡಬ್ಬಿ ಚಾಚಿದರು.

“ನಮ್ಮ ಕೈ ಸ್ವಚ್ಛವಾಗೇ ಇದೆ ಸರ್. ಕೂತ್ಕೊಳ್ಳಿ,” ಎಂದರು ಅಕ್ಕ.

ಧಣಿ ಕೂತು ಸುರುಳಿ ಬಿಚ್ಚಿದರು. ನೋಡಿ ನನಗೆ ನಗು ಉಕ್ಕಿ ಬಂತು. ಪುಟ್ಟಿಯ ಬೆನ್ನಿಗೆ ಮುಖ ಒತ್ತಿ ತಡೆದುಕೊಂಡೆ. ಅದೇ ಹೊದಿಕೆ, ದೊಡ್ಡ ಅಳತೆಯಲ್ಲಿ. ಆದರೆ ಅಕ್ಷರಗಳ ಅಂಚು ಇಲಿ ಕಡಿದ ಹಾಗಿತ್ತು. ನೀರಹನಿ ಹೋಗಿ ಬೊಕ್ಕೆಯಾಗಿತ್ತು. ಇನ್ನು ಆ ತೆಳು ಹಸಿರು, ಮೋರಿ ಕಟ್ಟಿಕೊಂಡು ನಿಂತ ನೀರಿನ ಬಣ್ಣಕ್ಕೆ ಇಳಿದಿತ್ತು.

“ಇದು ಹೇಗಾಯ್ತು ಸರ್?” ಅಕ್ಕನ ದನಿಯಲ್ಲಿ ಮರುಕ ತುಂಬಿ ತುಳುಕುತ್ತಿತ್ತು.

“ವಸ್ತುಪ್ರದರ್ಶನ ಇದೆ ಮುಂದಿನ ವಾರ. ಅದಕ್ಕೆ ದೊಡ್ಡ ಸಾಬೂನು ಮಾಡಿದ್ವಿ. ನಮ್ಮ ಅಳಿಯ ಇದಾನಲ್ಲ, ಕಂಪ್ಯೂಟರ್ ಗೊತ್ತು ಅಂದ. ನೀವು ಒಪ್ಪಿಗೆಗೆ ಅಂತ ಫೋನಿಗೆ ಕಳಿಸಿದ್ರಲ್ಲ ಚಿಕ್ಕ ಚಿತ್ರ, ಅದನ್ನೇ ಹಿಗ್ಗಿಸಿ ಕೊಟ್ಟ. ಹತ್ತು ಸಾವಿರ ಹಾಳೆ ಅಚ್ಚಾಗಿ ಕೂತಿದೆ.”

“ಅಯ್ಯೋ. ಅದು ಫೋನಲ್ಲಿ ನೋಡಕ್ಕೆ ಅಷ್ಟೇ ಸರ್. ಅಚ್ಚಿನ ಕಡತ ಹಳೇ ಪ್ರೆಸ್ಸಲ್ಲಿ ಇರತ್ತಲ್ಲ, ನಾನೇ ಅವರಿಗೆ ಕಳಿಸಿದ್ದು. ಅವರನ್ನ ಕೇಳಬಹುದಿತ್ತಲ್ಲ?”

ಧಣಿ ಸೀಲಿಂಗ್ ಫ್ಯಾನು ನೋಡಿದರು. “ಅವರ ಹತ್ರ... ಸ್ವಲ್ಪ ಲೆಕ್ಕಾಚಾರ ಬಾಕಿ ಇದೆ.”

ಅಲ್ಲೂ ನಾಮ! ನನಗೆ ಚಪ್ಪಾಳೆ ತಟ್ಟಬೇಕೆನಿಸಿತು. ಕಂಕುಳಲ್ಲಿ ಮಗು ಇದ್ದದ್ದರಿಂದ ಮರ್ಯಾದೆ ಉಳಿಯಿತು.

“ನಿಮ್ಮ ಮೂಲ ಕಡತ ಇಟ್ಕೊಂಡು ದೊಡ್ಡದು ಮಾಡಿಕೊಡಿ ತಂಗಿ. ಇವತ್ತೇ ಮೂವತ್ತು ಸಾವಿರ ಹಾಕಿಬಿಡ್ತೀನಿ. ಆ ತಡ ಶುಲ್ಕ ಗಿಲ್ಕ ಬಿಟ್ಟುಬಿಡಿ. ಮನೆಯವರ ಹತ್ರ ಯಾರಾದ್ರೂ ಬಡ್ಡಿ ಕೇಳ್ತಾರಾ?”

“ಬಡ್ಡಿ ಅಲ್ಲ ಸರ್. ಆರನೇ ಷರತ್ತು.”

“ನಾನು ಷರತ್ತೆಲ್ಲ ಓದಿರಲಿಲ್ಲ.”

ಅಕ್ಕ ಫೋನು ತೆಗೆದು ಮುಂದೆ ಹಿಡಿದರು. ಕೊಟೇಷನ್ನು, ಅದರ ಕೆಳಗೆ ಧಣಿಯದೇ ಉತ್ತರ: ‘ಎಲ್ಲ ನೋಡಿದೆ, ಒಪ್ಪಿಗೆ, ಶುರು ಮಾಡಿ.’

“ತಾವು ಓದಿದೀನಿ ಅಂತ ಬರೆದಿದ್ರಿ, ನಾನು ನಂಬಿದೆ,” ಎಂದರು ಮೆತ್ತಗೆ. “ಇವತ್ತಿಗೆ ಸಾವಿರದ ಎಂಟುನೂರು ಆಗಿದೆ. ಎರಡೂ ಸೇರಿ ಮೂವತ್ತೊಂದು ಸಾವಿರದ ಎಂಟುನೂರು.”

“ಬರೀ ಸಾವಿರದ ಎಂಟುನೂರಕ್ಕೆ ಇಷ್ಟೊಂದು ಹಟಾನಾ?”

“ಬರೀ ಅಷ್ಟೇ ಅಲ್ವಾ ಸರ್, ಕೊಡೋಕೆ ತಮಗೇನು ಕಷ್ಟ?”

ಧಣಿ ಎದ್ದು ಹೋಗಿಬಿಟ್ಟರೆ? ಮೂವತ್ತು ಸಾವಿರ ಬರುವಾಗ ಸಾವಿರದ ಎಂಟುನೂರಕ್ಕೆ ಜಗಳ ಯಾಕೆ? ಅಕ್ಕನ ಕಡೆಗೆ ಕಣ್ಣು ಮಿಟುಕಿಸಿದೆ, ಹುಬ್ಬು ಎತ್ತಿದೆ, ಕೊನೆಗೆ ಕೆಮ್ಮಿದೆ. ಅಕ್ಕ ನನಗೂ ಅದೇ ಮೆತ್ತನೆಯ ದನಿಯಲ್ಲಿ, “ನೀರು ಕುಡಿಯೇ,” ಎಂದರು.

ಧಣಿ ಮೋರಿ ಬಣ್ಣದ ಹಾಳೆಯನ್ನೊಮ್ಮೆ ನೋಡಿದರು, ಫೋನಿನಲ್ಲಿ ಬೆರಳಾಡಿಸಿದರು. ಅಕ್ಕನ ಫೋನು ಟಣ್ ಎಂದಿತು. ಅಕ್ಕ ಮೊತ್ತವನ್ನು ಅಂಕಿ ಅಂಕಿಯಾಗಿ ಓದಿಕೊಂಡು, ಅಲ್ಲೇ ರಸೀದಿ ಕಳಿಸಿದರು. ‘ತಮ್ಮ ಸಹಕಾರಕ್ಕೆ ಧನ್ಯವಾದಗಳು.’

“ಸರಿ, ದೊಡ್ಡ ಹೊದಿಕೆ ಶುರು ಮಾಡ್ತೀರಲ್ಲ?”

“ಖಂಡಿತ ಸರ್. ಅದು ಹೊಸ ಕೆಲಸ, ಹೊಸ ಕೊಟೇಷನ್ನು. ಹನ್ನೆರಡು ಸಾವಿರ. ಈ ಸಲ ಪೂರ್ತಿ ಮುಂಗಡ.”

ಕೊಟೇಷನ್ನು ಅವರ ಫೋನಿಗೆ ಹೋಯಿತು. ಒಪ್ಪಿಗೆ ಎಂದು ಒತ್ತಲು ಹೋದ ಬೆರಳು ನಿಂತಿತು. ಕನ್ನಡಕ ಹಾಕಿಕೊಂಡರು. ತುಟಿ ಆಡಿಸುತ್ತ, ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು, ಮೊದಲ ಷರತ್ತಿನಿಂದ ಓದತೊಡಗಿದರು. ಎಂಟನೆಯದಕ್ಕೆ ಬಂದಾಗ ತಲೆ ಎತ್ತಿದರು.

“ತುರ್ತು ಕೆಲಸಕ್ಕೆ ಇಪ್ಪತ್ತೈದು ಪರ್ಸೆಂಟ್ ಹೆಚ್ಚಾ?”

“ಮೊದಲಿನ ಕೊಟೇಷನ್ನಲ್ಲೂ ಇತ್ತು ಸರ್. ಆಗ ತಮಗೆ ಅವಸರ ಇರಲಿಲ್ಲ.”

ಹದಿನೈದು ಸಾವಿರಕ್ಕೆ ಫೋನು ಮತ್ತೊಮ್ಮೆ ಟಣ್ ಎಂದಿತು. ನನ್ನ ಹೊಟ್ಟೆ ತಣ್ಣಗಾಯಿತು. ಡಬ್ಬಿಯನ್ನೂ ಬಿಡದೆ ಕಂಕುಳಲ್ಲಿಟ್ಟುಕೊಂಡು ಹೊರಟ ಧಣಿಯನ್ನು ಅಕ್ಕ ಬಾಗಿಲಲ್ಲಿ ತಡೆದರು.

“ಸರ್, ಆ ಹಾಳೆ ಒಂದು ಇಟ್ಟು ಹೋಗ್ತೀರಾ? ಕೆಲಸಕ್ಕೆ ಬೇಕು.”

ಅಕ್ಕ ಹೇಳಿದ ದಿನಕ್ಕೆ ಕಡತ ಕೊಟ್ಟರು, ಒಂದು ಗಂಟೆ ಮುಂಚೆಯೂ ಅಲ್ಲ, ತಡವಾಗಿಯೂ ಅಲ್ಲ. ಆ ಕೆಲಸವನ್ನೂ ಕೆಂಪು ಪರದೆಯಲ್ಲೇ, ಕಿಟಕಿಯ ಬೆಳಕಿನಲ್ಲೇ ಮುಗಿಸಿದರು. ಮರುದಿನ ಹೊಸ ಪರದೆ ಬಂತು. ಪೆಟ್ಟಿಗೆಯ ಥರ್ಮಾಕೋಲನ್ನು ಪುಟ್ಟಿ ಬಾಯಿಗೆ ಹಾಕಿಕೊಳ್ಳುತ್ತಾಳೆಂದು ನಾನು ನೆಲವೆಲ್ಲ ಹುಡುಕಿ ಹೆಕ್ಕುತ್ತಿದ್ದಾಗ ಅಕ್ಕ ಕರೆದರು. ಪರದೆಯ ಪಕ್ಕದಲ್ಲಿ ಧಣಿಯ ಆ ಹಾಳೆ ಅಂಟಿಸಿಕೊಂಡಿದ್ದರು.

“ಹೊಸ ಪರದೆ ಬಣ್ಣ ಸರಿಯಾಗಿ ತೋರಿಸತ್ತೋ ಇಲ್ವೋ ಅಂತ ಅಚ್ಚಾಗಿರೋದರ ಜೊತೆ ಹೋಲಿಸಿ ನೋಡಬೇಕು ಕಣೇ.”

“ಅದಕ್ಕೆ ನಿಮ್ಮ ಪಟ್ಟಿ ಇಲ್ವಾ?”

“ಇದೆ. ಆದರೆ ಈ ಬಣ್ಣ ನನ್ನ ಹತ್ರ ಇರಲಿಲ್ಲ.”

ಸ್ವಲ್ಪ ಕಂದು ಸೇರಿಸಿದರು, ಹಸಿರು ತಗ್ಗಿಸಿದರು, ಮತ್ತೆ ಇನ್ನೊಂದು ಚೂರು ಕಪ್ಪು. ಹಾಳೆಯ ಬಣ್ಣವೂ ಪರದೆಯ ಬಣ್ಣವೂ ಒಂದೇ ಆದ ಕ್ಷಣ ಇಬ್ಬರೂ ಮೂಗು ಮುಚ್ಚಿಕೊಂಡೆವು. ಅಕ್ಕ ಅದನ್ನು ತಮ್ಮ ಸಂಗ್ರಹಕ್ಕೆ ಸೇರಿಸಿ ಹೆಸರು ಬರೆದರು: ‘ಬಾಕಿ’.

ಈಗ ಶಿಶುವಿಹಾರಕ್ಕೆ ಹೋಗುವಾಗ ನಾನು ಆ ಬೋರ್ಡಿನ ಕೆಳಗೆ ತಲೆ ಎತ್ತಿಯೇ ದಾಟುತ್ತೇನೆ. ಅಕ್ಕ ಪುಟ್ಟಿಗೆ ಬಣ್ಣ ಕಲಿಸುತ್ತಿದ್ದಾರೆ. ಮೊನ್ನೆ ಬೀದಿ ತಿರುವಿನಲ್ಲಿ, ನಾಲ್ಕು ಜನರ ನಡುವೆ, ಅವಳು ಕಟ್ಟಿಕೊಂಡ ಮೋರಿಗೆ ಬೆರಳು ತೋರಿಸಿ ಗಟ್ಟಿಯಾಗಿ ಕೂಗಿದಳು:

“ಅಮ್ಮಾ, ಬಾಕಿ!”

ಮೋರಿಗೆ ಬಿದ್ದಾಳೆಂದು ಅವಳ ಕೈ ಎಳೆದುಕೊಂಡೆ. ತಿದ್ದಲು ಮಾತ್ರ ಹೋಗಲಿಲ್ಲ.