ನನ್ನ ಖಾತೆಗೆ ಅಂಟಿಕೊಂಡ ಕೀ

ಕಾಲು ಮುರಿದುಕೊಂಡು ಹಳೇಬೀಡಿನ ಮನೆಯಲ್ಲಿ ಮಲಗಿದ್ದ ತಂಗಿಗೆ ಒಂದು ಕಂಪ್ಯೂಟರ್ ಆಟ ಬೇಕಿತ್ತು. ಇಬ್ಬರು ಸೇರಿ ಹೋಟೆಲಿನ ಅಡುಗೆಮನೆ ನಡೆಸುವ ಆಟ. ಅದರ ಬೆಲೆ ನೋಡಿ ಅವಳೇ ಬೇಡವೆಂದಿದ್ದಳು. ಅಷ್ಟರಲ್ಲಿ ಅದು ಒಂದು ಬಂಡಲ್‌ನಲ್ಲಿ ಬಂತು. ಮನಸ್ಸಿಗೆ ಬಂದಷ್ಟು ಕೊಟ್ಟು ಹಲವು ಆಟಗಳನ್ನು ಒಟ್ಟಿಗೆ ಪಡೆಯುವ ಮಾರಾಟವದು. ಮಾರಾಟ ಮುಗಿಯುವ ದಿನವೇ ನಾನು ಅರಸೀಕೆರೆಯಿಂದ ಅವಳನ್ನು ನೋಡಲು ಬಸ್ಸು ಹತ್ತಿದ್ದೆ.

ನನಗೆ ಒಂದು ಕಡೆ ಕೂತು ಗೊತ್ತಿಲ್ಲ. ಬಸ್ಸಲ್ಲೇ ಫೋನ್ ತೆಗೆದು, ಮದುವೆಯಲ್ಲಿ ಮುಯ್ಯಿ ಹಾಕುವ ಅಭ್ಯಾಸದಂತೆ ನೂರೊಂದು ರೂಪಾಯಿ ಕಟ್ಟಿದೆ. ಬಂದದ್ದು ಹೆಸರೇ ಕೇಳದ ಎರಡು ಆಟ. ಮನಸ್ಸಿಗೆ ಬಂದಷ್ಟು ಎನ್ನುವುದು ಕೆಳಗಿನ ಮೆಟ್ಟಿಲಿಗೆ ಮಾತ್ರ. ಮೇಲಿನ ಮೆಟ್ಟಿಲುಗಳಿಗೆ ಇಂತಿಷ್ಟಾದರೂ ಕೊಡಲೇಬೇಕು, ಅಡುಗೆಮನೆ ಆಟ ಇದ್ದದ್ದು ತುತ್ತತುದಿಯಲ್ಲಿ. ಪುಣ್ಯಕ್ಕೆ, ಮಾರಾಟ ಮುಗಿಯುವ ಮುಂಚೆ ಉಳಿದದ್ದನ್ನು ಸೇರಿಸಿ ಮೇಲೇರಬಹುದಿತ್ತು. ನೆಟ್‌ವರ್ಕ್ ಹೋಗಿ ಬಂದು ಪ್ರಾಣ ತಿಂದಿತು. ಜಾವಗಲ್ ದಾಟಿದ ಮೇಲೆ ಹಣ ಹೋಯಿತು, ಆಟಗಳ ಸಾಲು ತೆರೆಯಿತು.

ಪ್ರತಿ ಆಟದ ಮುಂದೆಯೂ ಎರಡು ಗುಂಡಿ: ಒಂದು ನನ್ನ ಗೇಮಿಂಗ್ ಖಾತೆಗೆ ಹಾಕಿಕೊಳ್ಳಲು, ಇನ್ನೊಂದು ಉಡುಗೊರೆ ಕೊಡಲು. ಕೈ ತಡೆಯಲಿಲ್ಲ, ಅಡುಗೆಮನೆ ಆಟದ ಮುಂದಿದ್ದ ಮೊದಲನೆಯದನ್ನು ಒತ್ತಿಬಿಟ್ಟೆ. ಆಟ ತೆರೆಯುವ ಕೋಡ್, ಅದೇ ಕೀ, ನನ್ನ ಖಾತೆಗೆ ಹೋಗಿ ಕೂತಿತು. ನಮ್ಮ ಮನೆಯ ಕೀ ಬಾಗಿಲ ಚೌಕಟ್ಟಿನ ಮೇಲಿರುತ್ತದೆ, ಯಾರು ಬಂದರೂ ತೆಗೆಯಬಹುದು. ಈ ಕೀ ಒಂದೇ ಸಲ, ಒಂದೇ ಖಾತೆಗೆ. ಹಿಂದಕ್ಕೆ ಬರುವುದಿಲ್ಲ. ನನ್ನ ಮೇಲೆಯೇ ನನಗೆ ಕೆಟ್ಟ ಕೋಪ ಬಂತು.

ತಂಗಿ ಮಂಚದ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು ಕಾಯುತ್ತಿದ್ದಳು. ಹೆಗಲ ಬ್ಯಾಗೂ ಇಳಿಸದೆ ಆದದ್ದು ಹೇಳಿದೆ. ಬೈಯಲಿಲ್ಲ. ಬಂಡಲ್‌ನಲ್ಲಿ ಇನ್ನೇನಿದೆ ಎಂದು ಕೇಳಿ, ಪಟ್ಟಿ ನೋಡಿ ನಕ್ಕಳು. ಅರ್ಧ ನಾನು ಮುಟ್ಟುವಂಥವಲ್ಲ, ಒಂದು ಆಗಲೇ ನನ್ನ ಬಳಿ ಇತ್ತು. ಅಗ್ಗದ ಆಸೆಗೆ ಮುಗ್ಗಲು ಜೋಳ ಕೊಂಡಂತಾಯಿತು ಎಂದಳು. ಅಡುಗೆ ಆಟವೊಂದನ್ನೇ ಕೊಂಡಿದ್ದರೆ ಇದಕ್ಕಿಂತ ಹೆಚ್ಚು ಆಗುತ್ತಿತ್ತು, ಅದೊಂದನ್ನು ಆಡಿದರೂ ಲಾಭವೇ ಎಂದು ನಾನು ವಾದಿಸಿದೆ.

"ಆಡೋದು ಯಾರು?" ಎಂದಳು.

ಅವಳಿಗೂ ಒಂದು ಬಂಡಲ್ ಕೊಳ್ಳುತ್ತೇನೆ ಎಂದು ಫೋನ್ ತೆಗೆದರೆ ಮಾರಾಟ ಮುಗಿದಿತ್ತು. ಅರಸೀಕೆರೆಗೆ ಮುಂದಿನ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದೆ. ಅವಳು ಬಿದ್ದ ಮೇಲೆ ಮೂರ್ನಾಲ್ಕು ಸಲ ಬಂದಿದ್ದೆ, ಪ್ರತಿ ಸಲವೂ ಹೀಗೇ ಬಾಗಿಲಲ್ಲಿ ನಿಂತು ಮಾತಾಡಿ ಹೋಗಿದ್ದೆ.

"ಆ ಆಟ ಒಂದೇ ಸ್ಕ್ರೀನಲ್ಲಿ ಇಬ್ಬರೂ ಆಡಬೋದು ಕಣಕ್ಕ," ಎಂದಳು. "ಕೀ ನಿನ್ನ ಖಾತೆಗೆ ಅಂಟ್ಕೊಂಡಿದ್ರೆ, ನೀನು ಇಲ್ಲಿ ಅಂಟ್ಕೋ."

ಅವಳ ಲ್ಯಾಪ್‌ಟಾಪಿನಲ್ಲಿ ನನ್ನ ಖಾತೆ ತೆರೆದೆ. ಆಟ ನಿಧಾನವಾಗಿ ಡೌನ್‌ಲೋಡ್ ಆಗತೊಡಗಿತು. ನನ್ನ ಕಣ್ಣು ಮತ್ತೆ ಗಡಿಯಾರದ ಕಡೆ ಹೋಯಿತು. ಕೊನೆಗೆ ಬ್ಯಾಗ್ ಇಳಿಸಿ, ಅವಳ ಕಾಲಿಗೆ ತಾಗದಂತೆ ಮಂಚದ ತುದಿಯಲ್ಲಿ ಕೂತೆ.

"ಈಗ ಬಂದೆ ನೋಡು ನೀನು," ಎಂದಳು ತಂಗಿ.