ಎರೆಭೂತದ ಕಣ್ಣಿಗಿಟ್ಟ ಚುಕ್ಕೆ

ಅಥಣಿಯಲ್ಲಿ ಪಾರಿಸ ಚೌಗಲೆಯ ಕೈಯಲ್ಲಿ ಫೋಟೋ ತೆಗೆಸಿಕೊಂಡವರು ತಮಗಿಂತ ಒಂದು ಕೈ ಹೆಚ್ಚೇ ಚೆಲುವಾಗಿ ಕಾಣುತ್ತಿದ್ದರು. ಅದರಲ್ಲಿ ದೇವರ ಪಾಲು ಕಡಿಮೆ, ಪಾರಿಸನ ಪೆನ್ಸಿಲ್ಲಿನ ಪಾಲು ಜಾಸ್ತಿ. ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲ್ ಆಡಿಸಿ ಸಿಡುಬಿನ ಕಲೆ ಅಳಿಸುತ್ತಿದ್ದ, ಗಲ್ಲದ ಗುಳಿ ತುಂಬುತ್ತಿದ್ದ. ಕೊನೆಗೆ ಪ್ರಿಂಟಿನ ಮೇಲೆ, ಎರಡೂ ಕಣ್ಣುಗುಡ್ಡೆಯ ಬಲಮೂಲೆಗೆ, ಕೂದಲೆಳೆಯಂಥ ಬ್ರಶ್ಶಿನಿಂದ ಒಂದೊಂದು ಬಿಳಿ ಚುಕ್ಕೆ ಇಡುತ್ತಿದ್ದ. ಸ್ಟುಡಿಯೋದ ದೀಪ ನಿಲ್ಲುವುದು ಬಲಕ್ಕೆ, ಆದ್ದರಿಂದ ಚುಕ್ಕೆಯೂ ಬಲಕ್ಕೆ. ಇಪ್ಪತ್ತೆರಡು ವರ್ಷ ಇಟ್ಟ ಚುಕ್ಕೆ. ಅದಿಲ್ಲದಿದ್ದರೆ ಕಣ್ಣಿಗೆ ಜೀವ ಬರುವುದಿಲ್ಲ ಎಂಬುದು ಅವನ ನಂಬಿಕೆ, ಗಿರಾಕಿಗಳ ನಂಬಿಕೆಯೂ ಹೌದು.

ಹೀಗೆ ಸುಳ್ಳನ್ನು ಚೆಂದಗಾಣಿಸುವ ಮನುಷ್ಯನೇ ಸುಳ್ಳು ಹಿಡಿಯುವವನೂ ಆದದ್ದು ೧೯೮೪ರಲ್ಲಿ. ಸದಲಗಾದ ಕಬ್ಬಿನಲ್ಲಿ ಚಿರತೆ ಬಂದಿದೆಯೆಂದು ಯಾರೋ ಒಂದು ಫೋಟೋ ಹಂಚಿದರು. ಕಬ್ಬು ಕಡಿಯುವ ಆಳುಗಳು ಹೊಲಕ್ಕೆ ಇಳಿಯಲೊಲ್ಲರು. ಫಾರೆಸ್ಟ್ ಗಾರ್ಡ್ ಭೀಮಸಿ ಪಾರಿಸನ ಗೆಳೆಯ. ಅವನು ಫೋಟೋ ಹಿಡಿದುಕೊಂಡು ಸ್ಟುಡಿಯೋಕ್ಕೆ ಬಂದ. ಪಾರಿಸ ಅದನ್ನು ಭೂತಗನ್ನಡಿಯ ಕೆಳಗಿಟ್ಟು ಒಂದು ಚಹಾ ಕುಡಿಯುವಷ್ಟು ಹೊತ್ತು ನೋಡಿದ.

"ಇದು ಸತ್ತು ನನ್ನ ವಯಸ್ಸಿಗಿಂತ ಹೆಚ್ಚು ವರ್ಷ ಆಗಿರಬೇಕು ನೋಡೋ ಭೀಮಸಿ" ಎಂದ. "ನಾಕೂ ಕಾಲು ಊರೇತಿ, ಒಂದು ಕಡ್ಡಿ ಹುಲ್ಲು ಬಾಗಿಲ್ಲ. ಹೊಟ್ಟಿ ಗುಂಟ ಹೊಲಿಗಿ ಐತಿ. ಕಿವಿ ಅಂಚು ಒಣಗಿ ಸೀಳೇತಿ. ಕಣ್ಣು ಗಾಜಿಂದು. ಯಾರದರ ವಾಡೇದಾಗ ತುಂಬಿಟ್ಟ ಚಿರತಿ ತಂದು ಕಬ್ಬಿನ ಬದುವಿನ್ಯಾಗ ನಿಂದ್ರಿಸ್ಯಾರ."

ವಿಚಾರಿಸಿದಾಗ ಅದು ಹಾಗೆಯೇ ಇತ್ತು. ಫೋಟೋ ತೆಗೆದವನನ್ನು ಕರೆಸಿ ನೆಗೆಟಿವ್ ಪಟ್ಟಿ, ಎಂದರೆ ಕತ್ತರಿಸದ ಫಿಲ್ಮಿನ ಸುರುಳಿ, ಕೇಳಿದರೆ, ಪಟ್ಟಿ ನೀರಿಗೆ ಬಿದ್ದು ಹಾಳಾಯಿತು ಎಂದ. ಪಾರಿಸ ಬಿದ್ದು ಬಿದ್ದು ನಕ್ಕಿದ್ದ.

ಅಲ್ಲಿಂದ ಸುತ್ತಿನ ತಾಲ್ಲೂಕುಗಳಲ್ಲಿ ಅಪರೂಪದ ಪ್ರಾಣಿಯ ಫೋಟೋ ಬಂದರೆ ಭೀಮಸಿಯ ಸೈಕಲ್ ನೇರ ಸ್ಟುಡಿಯೋಕ್ಕೆ. ನಿಪ್ಪಾಣಿಯಿಂದ ಬಂದ ಕರಿಚಿರತೆ ಕ್ಯಾಲೆಂಡರಿನದು. ಭೂತಗನ್ನಡಿ ಹಿಡಿದರೆ ಛಾಪಖಾನೆಯ ಚುಕ್ಕೆಗಳು ಸಾಲಾಗಿ ಕಾಣುತ್ತಿದ್ದವು. ಸತ್ತಿಯ ಕೃಷ್ಣೆಯ ದಂಡೆಯ ಮೇಲೆ ಮಲಗಿದ್ದ ಮೊಸಳೆಯ ನೆರಳು ಎಡಕ್ಕೂ ಪಕ್ಕದ ನಾವೆಯ ನೆರಳು ಬಲಕ್ಕೂ ಬಿದ್ದಿತ್ತು. ಎರಡು ಫೋಟೋ ಕತ್ತರಿಸಿ ಅಂಟಿಸಿ, ಮತ್ತೆ ಒಂದು ಫೋಟೋ ತೆಗೆದಿದ್ದರು. ಇಂಥವನ್ನು ನೋಡುವಾಗ ಪಾರಿಸನಿಗೆ ಒಳಗೊಳಗೇ ಹಿಗ್ಗು. ಅನುಮಾನ ಹರಿಯದಿದ್ದರೆ ಕೊನೆಗೆ ಒಂದೇ ಮಾತು: "ಪಟ್ಟಿ ತೋರಿಸ್ರಿ." ಪಟ್ಟಿಯಲ್ಲಿ ಹಿಂದಿನ ಚಿತ್ರ, ಮುಂದಿನ ಚಿತ್ರ ಇರುತ್ತವೆ. ಜೀವ ಇದ್ದದ್ದು ಎರಡು ಚಿತ್ರದಲ್ಲಿ ಒಂದೇ ಥರ ನಿಲ್ಲುವುದಿಲ್ಲ.

೧೯೮೮ರ ಶ್ರಾವಣ ಮುಗಿದ ಮೇಲೆ ಕುರಿ ಕಾಯುವ ಭರಮು ಸೊಸಾಯ್ಟಿ ಕಾರ್ಡಿಗೆಂದು ಫೋಟೋ ತೆಗೆಸಲು ಬಂದ. ಸ್ಟುಡಿಯೋದ ಪರದೆಯ ಮೇಲೆ ಒಂದು ನವಿಲು ಬರೆಸಿದ್ದರು. ಅವನು ಅದನ್ನೇ ನೋಡುತ್ತ ಕುಳಿತ.

"ನಮ್ಮ ಮಾಳದಾಗಿನ ಹಕ್ಕಿ ಇದಕ್ಕಿಂತ ಎತ್ತರ ಐತ್ರಿ" ಎಂದ. "ಬೆಳ್ಳನ ಕುತ್ತಿಗಿ, ತಲೀ ಮ್ಯಾಲ ಕರೇ ಟೊಪಿಗಿ. ಹಾರೂದು ಕಡಿಮಿ. ಗೌಡರ ಹಂಗ ನಡೀತೈತಿ."

ಅಂದು ಭೀಮಸಿಯೂ ಅಲ್ಲೇ ಇದ್ದ. ಚಹಾದ ಬಸಿ ಕೆಳಗಿಟ್ಟ. ಎರೆಭೂತ, ಮರಾಠಿಯವರು ಮಾಳಢೋಕ ಅನ್ನುವ ಹಕ್ಕಿ. ಅದನ್ನು ಈ ಕಡೆ ಕಂಡವರಿಲ್ಲದೆ ಬಹಳ ವರ್ಷಗಳಾಗಿದ್ದವು. ಭರಮು ಹೇಳಿದ ಹುಲ್ಲಿನ ಮಾಳಕ್ಕೆ ಬರುವ ಬೇಸಿಗೆಯಲ್ಲಿ ಗುಂಡಿ ತೋಡಿ ನೀಲಗಿರಿ ಸಸಿ ಹಚ್ಚುವುದೆಂದು ಫಾರೆಸ್ಟ್ ಕಚೇರಿಯಲ್ಲಿ ಕಾಗದ ಆಗಿತ್ತು. ಗಿಡ ಎದ್ದರೆ ಆ ಹಕ್ಕಿ ಅಲ್ಲಿ ನಿಲ್ಲುವುದಿಲ್ಲ, ಅದಕ್ಕೆ ಬೇಕಾದದ್ದು ಬಯಲು.

"ಬಾಯಿಮಾತು ಸಾಹೇಬ್ರ ಮುಂದ ನಡಿಯೂದಿಲ್ಲ" ಎಂದ ಭೀಮಸಿ. "ಒಂದು ಖರೇ ಫೋಟೋ ಸಿಕ್ಕರ ಧಾರವಾಡದ ಪಕ್ಷಿ ಪಂಡಿತರಿಗೆ ಕಳಸ್ತಾರ. ಅವರು ಹೌದಂದ್ರ ಆ ಮಾಳ ಬಿಟ್ಟು ಬ್ಯಾರೆ ಕಡೆ ಹಚ್ಚತಾರ."

ಭಾನುವಾರ ಬೆಳಕು ಹರಿಯುವ ಮೊದಲೇ ಪಾರಿಸ ಮಾಳದಲ್ಲಿದ್ದ. ಮಿರಜದ ಗೆಳೆಯನಿಂದ ಕೇಳಿ ತಂದ ಉದ್ದನೆಯ ಲೆನ್ಸು ಕ್ಯಾಮೆರಾಕ್ಕಿತ್ತು. ರೋಲಿನಲ್ಲಿ ಕಾಗವಾಡದ ನಿಶ್ಚಿತಾರ್ಥದ್ದು ಮುಗಿದು ನಾಲ್ಕು ಫೋಟೋದಷ್ಟು ಮಾತ್ರ ಉಳಿದಿತ್ತು. ಹೊಸ ರೋಲು ಹಾಕಿದರಾಗುತ್ತಿತ್ತು, ಆದರೆ ಉಳಿದದ್ದನ್ನು ಹಾಳು ಮಾಡುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಭರಮು ಕುರಿಗಳನ್ನು ಮುಂದೆ ಬಿಟ್ಟು, ಅವುಗಳ ಹಿಂದೆ ಪಾರಿಸನನ್ನು ಕುಕ್ಕರುಗಾಲಲ್ಲಿ ನಡೆಸಿದ. ಕುರಿಗೆ ಆ ಹಕ್ಕಿ ಹೆದರುವುದಿಲ್ಲ.

ಹುಲ್ಲಿನ ನಡುವೆ ಅದು ನಿಂತಿತ್ತು. ಎಡಗಡೆಯಿಂದ ಎಳೆಬಿಸಿಲು. ಪಾರಿಸ ಉಸಿರು ಹಿಡಿದು ಒಂದು ಒತ್ತಿದ. ಹಕ್ಕಿ ಸದ್ದಿಗೆ ಕುತ್ತಿಗೆ ತಿರುಗಿಸಿತು, ಎರಡನೆಯದು. ಎರಡು ಹೆಜ್ಜೆ ನಡೆಯಿತು, ಮೂರನೆಯದು. ಆಮೇಲೆ ದೊಡ್ಡ ರೆಕ್ಕೆ ಬಿಚ್ಚಿ ಭಾರವಾಗಿ ಎದ್ದುಹೋಯಿತು, ನಾಲ್ಕನೆಯದು. ಪಾರಿಸನ ಕಣ್ಣು ತುಂಬಿ ಬಂದಿತ್ತು. ಐವತ್ತು ವರ್ಷದ ಮನುಷ್ಯ, ಯಾಕೆಂದು ಅವನಿಗೇ ತಿಳಿಯಲಿಲ್ಲ.

ಮಧ್ಯಾಹ್ನ ಕತ್ತಲೆ ಕೋಣೆಯಲ್ಲಿ ರೋಲು ತೊಳೆದ. ಮೊದಲನೆಯದು ಬಂಗಾರದಂತೆ ಬಂದಿತ್ತು. ಎರಡನೆಯದರಲ್ಲಿ ತಲೆ ಅಲುಗಿ ಮಸುಕಾಗಿತ್ತು. ಮೂರನೆಯದು ಅಲುಗಿತ್ತು. ನಾಲ್ಕನೆಯದರಲ್ಲಿ ಒಂದು ರೆಕ್ಕೆ ಚೌಕಟ್ಟಿನಾಚೆ. ಮದುವೆಮನೆಯ ಫೋಟೋದಲ್ಲಿ ಯಾರಾದರೂ ಕಣ್ಣು ಮುಚ್ಚಿದರೆ, ತಲೆ ಅಲುಗಿಸಿದರೆ ಆ ತುಣುಕನ್ನು ಗಿರಾಕಿ ನೋಡುವ ಮೊದಲೇ ಕತ್ತರಿಸಿ ಒಗೆಯುವುದು ಸ್ಟುಡಿಯೋದ ರೂಢಿ. ಕತ್ತರಿ ತನ್ನ ಕೆಲಸ ಮಾಡಿತು. ಚೆಂದದ್ದು ಲಕೋಟೆಗೆ, ಅಲುಗಿದ್ದು ಬುಟ್ಟಿಗೆ. ನಿಶ್ಚಿತಾರ್ಥದ್ದೂ ಬಿಡಿಬಿಡಿಯಾಗಿ ಲಕೋಟೆ ಸೇರಿದವು.

ದೊಡ್ಡ ಪ್ರಿಂಟು ಒಣಗಿತು. ಹಕ್ಕಿಯ ಕಣ್ಣು ಕಪ್ಪಗೆ ಮಂಕಾಗಿತ್ತು. ಪಾರಿಸ ಬ್ರಶ್ಶೆತ್ತಿದ. ಬಲಮೂಲೆಗೆ ಒಂದು ಚುಕ್ಕೆ. ಮೋಸ ಮಾಡಬೇಕೆಂದಲ್ಲ; ಊಟಕ್ಕೆ ಕೂತಾಗ ಬಲಗೈ ತಾನೇ ತಾಟಿಗೆ ಹೋಗುವಂತೆ ಹೋಯಿತು.

ಧಾರವಾಡದಿಂದ ಉತ್ತರ ಬರಲು ಒಂದೂವರೆ ತಿಂಗಳು ಹಿಡಿಯಿತು. ಭೀಮಸಿ ಕಾಗದ ತಂದು ಕೊಟ್ಟವನು ಕೂರಲಿಲ್ಲ. ಪಂಡಿತರು ಮರ್ಯಾದೆಯಿಂದಲೇ ಬರೆದಿದ್ದರು. ನೆರಳು ಬಲಕ್ಕೆ ಬಿದ್ದಿದೆ, ಎಂದರೆ ಬಿಸಿಲು ಎಡದಿಂದ. ಕಣ್ಣಿನ ಹೊಳಪು ಮಾತ್ರ ಬಲಕ್ಕಿದೆ. ಹೊಳಪು ಗಟ್ಟಿಯಾಗಿ, ಗಾಜಿನ ಕಣ್ಣಿನಂತೆ ಕಾಣುತ್ತದೆ. ಹಕ್ಕಿ ಅಲುಗಾಡದೆ ನಿಂತಿದೆ. ತುಂಬಿಟ್ಟ ಹಕ್ಕಿ ಎಂಬ ಅನುಮಾನ ಬರುತ್ತದೆ. ನೆಗೆಟಿವ್ ಕಳಿಸಬೇಕು.

ಪಾರಿಸ ಓದಿದ್ದನ್ನೇ ಇನ್ನೊಮ್ಮೆ ಓದಿದ. ಇದೆಲ್ಲ ಅವನದೇ ಮಾತು. ಸದಲಗಾದವನಿಗೆ ಹೇಳಿದ್ದು, ಸತ್ತಿಯವನಿಗೆ ಹೇಳಿದ್ದು. ನಾಚಿಕೆಯಿಂದ ಅವನ ಕಿವಿ ಬಿಸಿಯಾದವು. ಚುಕ್ಕೆ ತನ್ನ ಕೈಯದೆಂದು ಬರೆದು, ಚುಕ್ಕೆಯಿಲ್ಲದ ಹೊಸ ಪ್ರಿಂಟನ್ನೂ ನೆಗೆಟಿವನ್ನೂ ಕಳಿಸಿದ.

ಫೆಬ್ರುವರಿಯಲ್ಲಿ ಮತ್ತೆ ಕಾಗದ ಬಂತು. ನೆಗೆಟಿವ್‌ನಲ್ಲಿ ಕೈಚಳಕವಿಲ್ಲ, ಒಪ್ಪಿದೆ. ಆದರೆ ತುಂಬಿಟ್ಟ ಹಕ್ಕಿಯನ್ನು ಬಯಲಲ್ಲಿ ನಿಲ್ಲಿಸಿ ತೆಗೆದರೂ ನೆಗೆಟಿವ್ ಹೀಗೆಯೇ ಇರುತ್ತದೆ. ಒಂಟಿ ತುಣುಕು ಸಾಲದು. ಹಿಂದೆ ಮುಂದೆ ತೆಗೆದ ಚಿತ್ರಗಳಿರುವ ಪಟ್ಟಿ ಕಳಿಸಿದರೆ ಸಂತೋಷ.

ಪಟ್ಟಿ ತೋರಿಸ್ರಿ.

ಸ್ಟುಡಿಯೋದ ಕಸ ಹೋಗುತ್ತಿದ್ದುದು ಹಿತ್ತಲ ತಿಪ್ಪೆಗೆ. ಪಾರಿಸ ಎರಡು ದಿನ ಅಂಗಡಿ ಮುಚ್ಚಿ ತಿಪ್ಪೆ ಕೆದರಿದ. ಹೆಂಡತಿ ಚಂದ್ರಮತಿ ಮೊದಲ ದಿನ ಗೊಣಗಿದಳು, ಎರಡನೆಯ ದಿನ ಸೀರೆ ಎತ್ತಿ ಕಟ್ಟಿ ತಾನೂ ಇಳಿದಳು. ಫಿಲ್ಮಿನ ತುಣುಕುಗಳೇನೋ ಸಿಕ್ಕವು. ಹಿಂಗಾರು ಮಳೆಗೆ, ಸೆಗಣಿಯ ಬಿಸಿಗೆ ಮೇಲಿನ ಪೊರೆ ಕರಗಿ ಬರೀ ಬೆಳ್ಳನೆಯ ಹಾಳೆಗಳಾಗಿದ್ದವು. ಒಂದರಲ್ಲಿ ಯಾರದೋ ಮೂಗು ಉಳಿದಿತ್ತು.

"ಮಂದಿ ಕಣ್ಣು ಮುಚ್ಚಿದ್ದು ಒಗದಂಗ ಹಕ್ಕಿ ಕುತ್ತಿಗಿ ತಿರುವಿದ್ದೂ ಒಗದ್ರಿ" ಎಂದಳು ಚಂದ್ರಮತಿ. ಬಯ್ದಂತಿರಲಿಲ್ಲ. "ಅದ ಅಲ್ಲೇನ್ರಿ ಅದು ಜೀವಂತ ಇದ್ದದ್ದು?"

ಪಾರಿಸ ಕೈ ತೊಳೆದುಕೊಳ್ಳಲು ಹೋದ.

ಸಂಜೆ ಭೀಮಸಿ ಬಂದು ಅಂಗಡಿಯ ಬಾಗಿಲು ಅರ್ಧ ಎಳೆದು ಕುಳಿತ. "ಪಾರಿಸಣ್ಣ, ನಾ ಹೇಳೂದು ಕೇಳು. ತೊಳಿಯುವಾಗ ಪಟ್ಟಿ ಕೆಟ್ಟತು ಅಂತ ಬರಕೊಡು. ಇಪ್ಪತ್ತು ಫೋಟೋ ಪರೀಕ್ಷೆ ಮಾಡಿದಂವ, ನಿನ್ನ ಹೆಸರಿಗೆ ಸಾಹೇಬ್ರ ಕಡೆ ಕಿಮ್ಮತ್ತು ಐತಿ. ನೀ ಕಣ್ಣಾರೆ ಕಂಡೀ. ಹಕ್ಕಿ ಖರೆ ಇದ್ದಮ್ಯಾಲ ಒಂದು ಸುಳ್ಳಿನಿಂದ ಏನಾಕ್ಕೈತಿ?"

ಮಾಳ ಉಳಿಯಬೇಕೆಂಬ ಆಸೆ ಭೀಮಸಿಗಿಂತ ಪಾರಿಸನಿಗೇ ಹೆಚ್ಚು. ಪೆನ್ನೂ ತೆಗೆದ. ಆದರೆ ಸದಲಗಾದವನ ಮುಖ ಎದುರು ಬಂದು ನಿಂತಿತು. ಪಟ್ಟಿ ನೀರಿಗೆ ಬಿತ್ತು ಎಂದಿದ್ದನಲ್ಲ, ಆಗ ತಾನು ನಕ್ಕಿದ್ದು ನೆನಪಾಯಿತು.

"ಇದ ಮಾತು ಬ್ಯಾರೆಯವ್ರು ಹೇಳಿದ್ರ ನಾ ನಂಬತಿದ್ದಿಲ್ಲ" ಎಂದ.

ಆಮೇಲೆ ತನ್ನ ಫೋಟೋದ ಬಗ್ಗೆ ತಾನೇ ಷರಾ ಬರೆದು ಧಾರವಾಡಕ್ಕೆ ಕಳಿಸಿದ: ಇನ್ನೂ ಮೂರು ಚಿತ್ರ ತೆಗೆದಿದ್ದೆ. ಹಕ್ಕಿ ಅಲುಗಿದ್ದರಿಂದ ಕತ್ತರಿಸಿ ಒಗೆದೆ. ತಪ್ಪು ನನ್ನದು. ಹಕ್ಕಿ ಜೀವಂತ ಇತ್ತೆಂದು ನಾನು ಬಲ್ಲೆ, ಈ ಫೋಟೋದಿಂದ ತೋರಿಸಲು ಬರುವುದಿಲ್ಲ.

ಆ ಷರಾದ ಮೇಲೆ ಯಾರೂ ಏನೂ ಬರೆಯಲಿಲ್ಲ. ಏಪ್ರಿಲಿನಲ್ಲಿ ಮಾಳದಲ್ಲಿ ಗುಂಡಿ ತೋಡಿದರು. ಜೂನಿನಲ್ಲಿ ಮಿರಗದ ಮಳೆಗೆ ಸಸಿ ಹಚ್ಚಿದರು.

ಭರಮು ಸಂತೆಗೆ ಬಂದಾಗ ಅಂಗಡಿಯ ಕಟ್ಟೆಯ ಮೇಲೆ ಕೂತು ಕೇಳಿದ: "ನಮ್ಮ ಹಕ್ಕಿ ಸುಳ್ಳಂತ ಬರದಾರಂತ, ಹೌದೇನ್ರಿ?"

"ಹಕ್ಕಿ ಸುಳ್ಳಲ್ಲೋ ಭರಮು. ನನ್ನ ಕೆಲಸ ಸುಳ್ಳಾತು."

ಭರಮುಗೆ ಇದು ಎಷ್ಟು ತಿಳಿಯಿತೋ. ಎಲೆ ಅಡಿಕೆ ಹಾಕಿಕೊಂಡು ಎದ್ದು ಹೋದ.

ಆಮೇಲೂ ಪಾರಿಸ ಒಂಬತ್ತು ವರ್ಷ ಸ್ಟುಡಿಯೋ ನಡೆಸಿದ. ಪೆನ್ಸಿಲ್ ಬಿಡಲಿಲ್ಲ, ಹೊಟ್ಟೆಪಾಡು. ಚುಕ್ಕೆ ಮಾತ್ರ ಬಿಟ್ಟ. ತಮ್ಮ ಮಗಳ ಫೋಟೋದಲ್ಲಿ ಕಣ್ಣು ಮಂಕಾಗಿವೆಯೆಂದು ಗಿರಾಕಿಗಳು ಜಗಳ ತೆಗೆದರು, ಕೆಲವರು ಎದುರಿನ ಹೊಸ ಸ್ಟುಡಿಯೋಕ್ಕೆ ಹೋದರು. ಭೀಮಸಿ ತಂದ ಫೋಟೋಗಳನ್ನು ಪಾರಿಸ ಮುಂಚಿನಂತೆಯೇ ನೋಡುತ್ತಿದ್ದ, ಆದರೆ ನಗುತ್ತಿರಲಿಲ್ಲ. ಪಟ್ಟಿ ಇಲ್ಲವೆಂದವರನ್ನು ಕೂರಿಸಿ, ಎಲ್ಲಿ ಒಗೆದಿರಿ, ಹುಡುಕಿದಿರಾ ಎಂದು ಕೇಳುತ್ತಿದ್ದ.

೧೯೮೯ರ ಶ್ರಾವಣದ ಬೆನ್ನಿಗೆ ಅವನು ಭರಮುವಿನ ಜೊತೆ ಮತ್ತೆ ಮಾಳಕ್ಕೆ ಹೋಗಿದ್ದ. ಈ ಸಲ ಹೊಸ ರೋಲು, ಮೂವತ್ತಾರು ಫೋಟೋದ್ದು. ಮೊಣಕಾಲೆತ್ತರದ ನೀಲಗಿರಿ ಸಸಿಗಳು ಸಾಲು ಹಿಡಿದು ನಿಂತಿದ್ದವು. ಹೊತ್ತು ನೆತ್ತಿಗೆ ಬರುವವರೆಗೆ ಕೂತರು. ಬರೀ ಹೊಲಗುಬ್ಬಿಗಳು ಬಂದವು. ಏಳುವ ಮೊದಲು ಪಾರಿಸ ಹಕ್ಕಿ ನಿಂತಿದ್ದ ಜಾಗದ ಕಡೆಗೆ ಕ್ಯಾಮೆರಾ ಹಿಡಿದು ಮೂವತ್ತಾರೂ ತೆಗೆದ.

ಆ ಪಟ್ಟಿಯನ್ನು ಅವನು ಕತ್ತರಿಸಲಿಲ್ಲ. ಸುರುಳಿ ಸುತ್ತಿ ಡಬ್ಬಿಯಲ್ಲಿಟ್ಟ. ಅಂಗಡಿ ಮುಚ್ಚಿದ ದಿನ ಚಂದ್ರಮತಿ ಬಿಸಿಲಿಗೆ ಹಿಡಿದು ಮೊದಲಿಂದ ಕೊನೆಯವರೆಗೆ ನೋಡಿದಳು. ಹುಲ್ಲಿತ್ತು, ಸಸಿಗಳಿದ್ದವು, ಪ್ರತಿ ಚಿತ್ರದ ನಡುವೆ ಒಂದು ಹಕ್ಕಿ ನಿಲ್ಲುವಷ್ಟು ಜಾಗ ಬಿಟ್ಟಿತ್ತು.