ನಲವತ್ತೊಂದನೇ ನಿಮಿಷ

ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಕಲ್ಲಿನ ಮುಂದೆ ಆಕೆ ಕೂತು ಇಪ್ಪತ್ತಾರು ವರ್ಷವಾಯಿತು. ಹೆಸರು ಹಿಡಿದು ಯಾರೂ ಕರೆಯುವುದಿಲ್ಲ, ಎಲ್ಲರಿಗೂ ಕನ್ನಡಕದಕ್ಕ. ಆಕೆಗೂ ಜನರ ಹೆಸರು ನೆನಪಿರುವುದಿಲ್ಲ, ನಂಬರು ಮಾತ್ರ ಮರೆಯುವುದಿಲ್ಲ. ನಾನು ಬಾಗಿಲಲ್ಲಿ ಕಂಡರೆ ಸಾಕು, "ಬನ್ನಿ ಮೈನಸ್ ಮೂರೂವರೆ, ಮತ್ತೆ ಕನ್ನಡಕದ ಮೇಲೆ ಕೂತುಬಿಟ್ರಾ?" ಎನ್ನುತ್ತಾಳೆ.

ಕಳೆದ ಸಲ ಹೋದಾಗ ಈ ತಮಾಷೆ ಬರಲಿಲ್ಲ. ಕಲ್ಲು ನಿಲ್ಲಿಸಿ, ಕೈ ಒರೆಸಿಕೊಂಡು, "ಕೂತ್ಕೊಳ್ಳಿ. ಯಾರ ಹತ್ರಾನೂ ಹೇಳಿಲ್ಲ," ಎಂದಳು. ನಾನು ಕೂತೆ.

ಆಕೆಗೆ ಮದುವೆಯಾಗಿಲ್ಲ. ಅಣ್ಣ, ಅತ್ತಿಗೆ, ಆಕೆ, ಮೂವರೇ ಮನೆಯಲ್ಲಿ. ಅಣ್ಣ ಮೊದಲು ಸಿನಿಮಾ ಡಿಸ್ಕುಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದ. ಡಿಸ್ಕಿನ ಕಾಲ ಮುಗಿದು ಅಂಗಡಿ ಮುಚ್ಚಿದಾಗ ಒಂದೊಂದನ್ನೂ ಒರೆಸಿ, ಹಾರ್ಡ್ ಡಿಸ್ಕಿಗೆ ಹಾಕಿಕೊಂಡ. ನಡುಮನೆಯ ಗೋಡೆಗೂಡಿನಲ್ಲಿ, ವೈ-ಫೈ ಡಬ್ಬಿಯ ಪಕ್ಕ, ಚಪ್ಪಲಿ ಪೆಟ್ಟಿಗೆಯಷ್ಟು ದೊಡ್ಡ ಕಪ್ಪು ಡಬ್ಬಿ. ಒಳಗೆ ಎರಡು ಡಿಸ್ಕು, ಸಾವಿರದ ಚಿಲ್ಲರೆ ಸಿನಿಮಾ. ಮನೆಯ ವೈ-ಫೈ ಹಿಡಿದ ಯಾವ ಫೋನಿನಲ್ಲಾದರೂ ಆಪ್ ತೆಗೆದರೆ ಪೋಸ್ಟರುಗಳು ಸಾಲಾಗಿ ನಿಲ್ಲುತ್ತಿದ್ದವು. ಹೊಸಿಲು ದಾಟಿ ಬೀದಿಗೆ ಹೋದರೆ ಏನೂ ಬರುವುದಿಲ್ಲ. ಒಬ್ಬೊಬ್ಬರಿಗೂ ಬೇರೆ ಖಾತೆ ಮಾಡಿಕೊಡಬಹುದಿತ್ತು. ಅಣ್ಣ ಮಾಡಲಿಲ್ಲ. "ಒಂದೇ ಮನೆ, ಒಂದೇ ಹೆಸರು ಸಾಲದಾ?" ಎಂದು ತಂಗಿಯ ಫೋನಿಗೂ ತನ್ನ ಹೆಸರಿನಲ್ಲೇ ಒಳಗೆ ಹೋಗುವಂತೆ ಮಾಡಿಟ್ಟಿದ್ದ.

ಊಟವಾದ ಮೇಲೆ ಮಧ್ಯಾಹ್ನ ಕಾಲು ಗಂಟೆ ಫೋನಿನಲ್ಲಿ ಸಿನಿಮಾ ಹಾಕಿಕೊಂಡು ಮಲಗುವುದು ಅವನ ಅಭ್ಯಾಸ. ಹೀಗೆ ಎರಡು ಸಿನಿಮಾಗಳನ್ನು ಅರ್ಧಕ್ಕೆ ಬಿಟ್ಟಿದ್ದ. ಒಂದು ಬೆಳಿಗ್ಗೆ ಎದ್ದವನು ಚಪ್ಪಲಿ ಮೆಟ್ಟುತ್ತಾ ಕುಸಿದ. ಅಷ್ಟೇ.

ತಿಂಗಳ ನಂತರ ಆಕೆ ಆಪ್ ತೆಗೆದಳು. ಮೇಲಿನ ಸಾಲಿನಲ್ಲಿ, ನೋಡುತ್ತಿದ್ದುದನ್ನು ಮುಂದುವರಿಸಿ ಎನ್ನುವಲ್ಲಿ, ಎರಡಿರಬೇಕಾದದ್ದು ಒಂದೇ ಇತ್ತು. ತಾನೇ ಏನೋ ಒತ್ತಿರಬೇಕು ಎಂದುಕೊಂಡಳು. ಉಳಿದ ಒಂದರ ಕೆಳಗೆ ಸಣ್ಣ ನೀಲಿ ಗೆರೆ. ಮುಟ್ಟಿದರೆ, ನಲವತ್ತೊಂದು ನಿಮಿಷ ಹದಿನಾರು ಸೆಕೆಂಡಿನಿಂದ ಮುಂದುವರಿಸಲೇ ಎಂದು ಕೇಳಿತು. ಆಕೆ ಒತ್ತಲಿಲ್ಲ.

"ಅಲ್ಲೇ ಅವನು ನಿಂತಿರೋದು ಅನ್ನಿಸ್ತು. ಬಟ್ಟೆ, ಪುಸ್ತಕ ಎಲ್ಲ ಯಾರ್ಯಾರಿಗೋ ಕೊಟ್ವಿ. ಅವನು ನಿಂತ ಜಾಗ ಅಂತ ಉಳಿದದ್ದು ಅದೊಂದೇ."

ದಿನಾ ಸಂಜೆ ಕೆಲಸದಿಂದ ಬಂದು, ಕೈಕಾಲು ತೊಳೆದು, ಆ ಅಂಕಿ ನೋಡುವುದು ರೂಢಿಯಾಯಿತು. ಒಂದು ಸಂಜೆ ನೋಡಿದರೆ ಮೂವತ್ತೊಂಬತ್ತು ಮೂವತ್ತಾರು. ಮರುದಿನ ಮೂವತ್ತೇಳು ಐವತ್ತಾರು.

"ಮುಂದಕ್ಕೆ ಹೋಗಿದ್ರೆ ಯಾರೋ ನೋಡ್ತಿದಾರೆ ಅಂತಿದ್ದೆ. ಇದು ಹಿಂದಕ್ಕೆ ಬರ್ತಿತ್ತು. ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡ್ತಿದಾನೆ ಅನ್ನೋ ಹಾಗೆ."

ಅತ್ತಿಗೆಯನ್ನು ಕೇಳುವಂತಿರಲಿಲ್ಲ. ಆಕೆ ಪರದೆಯತ್ತ ಕಣ್ಣೆತ್ತಿಯೂ ನೋಡದವಳು. ಫೋನ್ ಬಂದರೆ "ನೀನೇ ಎತ್ತು ಪುಟ್ಟಿ" ಎನ್ನುವವಳು.

ಅಣ್ಣನ ಹೆಸರೇ ಆ ಡಬ್ಬಿಗೆ ಯಜಮಾನ. ಹಾಗಾಗಿ ಆಪಿನ ಒಳಕೋಣೆಗಳೆಲ್ಲ ಕನ್ನಡಕದಕ್ಕನಿಗೂ ತೆರೆಯುತ್ತಿದ್ದವು. ಹುಡುಕುತ್ತಾ ಹೋದಾಗ ಒಂದು ಕಡೆ ನಿಯಮ ಸಿಕ್ಕಿತು. ನೂರಕ್ಕೆ ತೊಂಬತ್ತರಷ್ಟು ನೋಡಿದ ಸಿನಿಮಾ ಮುಗಿದ ಹಾಗೆ, ಐದಕ್ಕಿಂತ ಕಡಿಮೆ ನೋಡಿದ್ದು ನೋಡೇ ಇಲ್ಲದ ಹಾಗೆ. ಎರಡರಲ್ಲೂ ಮೇಲಿನ ಸಾಲಿನಿಂದ ಅಳಿಸಿಹೋಗುತ್ತದೆ. ಆ ಸಿನಿಮಾ ಎರಡು ಗಂಟೆ ಇಪ್ಪತ್ತು ನಿಮಿಷದ್ದು. ಅಂದರೆ ಏಳನೇ ನಿಮಿಷ ದಾಟಿ ಹಿಂದೆ ಸರಿದರೆ ಅಣ್ಣನ ಗುರುತೇ ಇಲ್ಲ. ಅಂಕಿ ಆಗ ಒಂಬತ್ತಕ್ಕೆ ಬಂದಿತ್ತು.

ಇನ್ನೊಂದು ಕಡೆ, ಯಾವ ಯಾವ ಫೋನು ಡಬ್ಬಿಯನ್ನು ಮುಟ್ಟಿದೆ ಎನ್ನುವ ಪಟ್ಟಿ. ಅದರಲ್ಲಿ ಎರಡೇ ಇದ್ದವು. ಒಂದು ತನ್ನದು. ಎರಡನೆಯದು ಅಣ್ಣನದು. ಕೊನೆಯ ಸಲ ಕಂಡದ್ದು: ಇವತ್ತು, ಮಧ್ಯಾಹ್ನ ಎರಡು ನಲವತ್ತೇಳು.

"ಆ ಫೋನು ಅವನ ಕನ್ನಡಕದ ಜೊತೆ ಬೀರುವಿನಲ್ಲಿ ಇಟ್ಟಿದ್ದು ನಾನೇ. ಹೋಗಿ ತೆಗೆದೆ. ಇಟ್ಟಲ್ಲೇ ಇತ್ತು. ಆದರೆ ಫೋನಿನ ಗಾಜಿನ ಮೇಲೆ ಧೂಳಿರಲಿಲ್ಲ. ಕನ್ನಡಕದ ಮೇಲಿತ್ತು."

ಮರುದಿನ ಅರ್ಧ ದಿನ ರಜೆ ಹಾಕಿ, ಎರಡೂವರೆಗೆ ಸದ್ದಿಲ್ಲದೆ ಬೀಗ ತೆಗೆದು ಒಳಬಂದಳು. ಅಡುಗೆಮನೆ ಒರೆಸಿಟ್ಟಿತ್ತು. ಮನೆ ನಿದ್ದೆ ಹೋದಂತಿತ್ತು. ಗೋಡೆಗೂಡಿನ ಡಬ್ಬಿ ಮಾತ್ರ ಎಚ್ಚರವಾಗಿ, ಹಸಿರು ದೀಪ ಪಟಪಟನೆ ಮಿಟುಕಿಸುತ್ತಾ, ಒಳಗೆ ಕರಕರ ಎನ್ನುತ್ತಿತ್ತು. ಫೋನ್ ತೆಗೆದು ನೋಡಿದಳು. ಈಗ ಓಡುತ್ತಿರುವುದು: ಅದೇ ಸಿನಿಮಾ. ನೋಡುತ್ತಿರುವವರು: ಅಣ್ಣನ ಹೆಸರು. ಅಂಕಿ ಇಪ್ಪತ್ತನಾಲ್ಕರವರೆಗೆ ನೆಟ್ಟಗೆ ಏರಿ, ನಿಂತಿತು. ಆಮೇಲೆ ಇಳಿಯತೊಡಗಿತು. ಹತ್ತು ಸೆಕೆಂಡು, ಇನ್ನೊಂದು ಹತ್ತು. ಒಂದೇ ತಾಳದಲ್ಲಿ, ಯಾರೋ ಮೆಟ್ಟಿಲಿಳಿಯುವ ಹಾಗೆ.

ಒಳಕೋಣೆಯ ಬಾಗಿಲು ಸ್ವಲ್ಪ ತೆರೆದಿತ್ತು. ಅಣ್ಣ ಮಲಗುತ್ತಿದ್ದ ಕಡೆಯ ದಿಂಬಿನ ಮೇಲೆ ಅಣ್ಣನ ಫೋನು. ಪಕ್ಕದಲ್ಲಿ ಅತ್ತಿಗೆ ಕಣ್ಣು ಮುಚ್ಚಿ ಕೂತು, ಬೆರಳಿಂದ ಪರದೆಯ ಒಂದೇ ಜಾಗವನ್ನು ತಟ್ಟುತ್ತಾ ಪಿಸುಗುಡುತ್ತಿದ್ದಳು. "ಎಪ್ಪತ್ತೊಂಬತ್ತು, ಎಂಬತ್ತು, ಎಂಬತ್ತೊಂದು..."

"ಅತ್ತಿಗೇ!"

"ಅಯ್ಯೋ, ಎಣಿಕೆ ತಪ್ಪಿಸಿದೆಯಲ್ಲೇ ಪುಟ್ಟಿ!"

ಅತ್ತಿಗೆ ಫೋನನ್ನು ಮಡಿಲಿಗಿಟ್ಟುಕೊಂಡು ಹೇಳಿದಳು.

"ಪಾತ್ರೆ ತೊಳೆಯೋವಾಗ ಒಳಗಿಂದ ಆ ಸದ್ದು ಕೇಳ್ತಿತ್ತಲ್ಲ, ಇಪ್ಪತ್ತು ವರ್ಷ. ಅದು ನಿಂತ ಮೇಲೆ ನನಗೆ ಮಧ್ಯಾಹ್ನ ಕಳೆಯೋಕೇ ಆಗ್ಲಿಲ್ಲ. ನೋಡೋದಿಲ್ಲ ಕಣೆ, ಸಣ್ಣಗೆ ಹಾಕ್ಕೊಂಡು ಬರೀ ಕೇಳ್ತೀನಿ. ಮೊದಲನೇದು ಕೇಳ್ತಾ ಕೇಳ್ತಾ ಮುಗಿದೇ ಹೋಯ್ತು. ಮಾರನೇ ದಿನ ಆ ಸಾಲಲ್ಲಿ ಇಲ್ಲವೇ ಇಲ್ಲ! ಮುಗಿದಿದ್ದನ್ನ ಡಬ್ಬಿ ಅಳಿಸಿಬಿಡುತ್ತೆ ಅಂತ ಒಂದು ವಾರ ಇನ್ನೊಂದನ್ನ ಮುಟ್ಟಲೇ ಇಲ್ಲ. ಅದಕ್ಕೇ ಇದನ್ನ ಮುಗಿಯೋಕೆ ಬಿಡಬಾರದು ಅಂತ, ಕಾಲು ಗಂಟೆ ಕೇಳಿ ಆದಮೇಲೆ ನೂರು ಸಲ ಹಿಂದಕ್ಕೆ ಒತ್ತಿಬಿಡ್ತೀನಿ."

ಒಂದು ತಟ್ಟಿಗೆ ಹತ್ತು ಸೆಕೆಂಡಾದರೆ ನೂರಕ್ಕೆ ಹದಿನಾರು ನಿಮಿಷ ನಲವತ್ತು ಸೆಕೆಂಡು. ಕೇಳಿದ್ದಕ್ಕಿಂತ ಹಿಂದೆ ಸರಿದದ್ದೇ ಹೆಚ್ಚು. ಕಾಪಾಡುತ್ತೇನೆಂದುಕೊಂಡು ದಿನಾ ಅವನನ್ನು ಬಾಗಿಲಿನತ್ತ ತಳ್ಳುತ್ತಿದ್ದಳು ಅತ್ತಿಗೆ.

ಕನ್ನಡಕದಕ್ಕ ಬೈಯಲಿಲ್ಲ. ಎಲ್ಲ ಸಿನಿಮಾಗಳ ಪಟ್ಟಿ ತೆಗೆದು, ಮುಗಿದುಹೋದ ಮೊದಲನೆಯದನ್ನು ತೋರಿಸಿದಳು. ಪೋಸ್ಟರಿನ ಮೂಲೆಯಲ್ಲಿ ನೋಡಿಯಾಯಿತು ಎನ್ನುವ ಗುರುತಿನೊಂದಿಗೆ ಅದು ಇದ್ದಲ್ಲೇ ಇತ್ತು. "ಅಳಿಸೋದಿಲ್ಲ ಅತ್ತಿಗೆ. ಸಾಲಿನಿಂದ ಮಾತ್ರ ಹೋಗುತ್ತೆ. ಇದನ್ನ ನಲವತ್ತೊಂದಕ್ಕೆ ತಂದು ನಿಲ್ಲಿಸ್ತೀನಿ. ನಿಮಗೆ ಬೇರೆ ಖಾತೆ ಮಾಡಿಕೊಡ್ತೀನಿ, ಅದರಲ್ಲಿ ಎಷ್ಟು ಬೇಕಾದ್ರೂ ಕೇಳಿ."

"ಬೇರೆಯಾ?" ಅತ್ತಿಗೆ ಫೋನನ್ನು ಸೆರಗಿನೊಳಗೆ ಎಳೆದುಕೊಂಡಳು. "ಬದುಕಿದ್ದಾಗ ಒಂದು ದಿನ ಬೇರೆ ಇರಲಿಲ್ಲ. ಈಗ ನನ್ನ ಬೇರೆ ಹಾಕ್ತೀಯೇನೇ?"

ಇಷ್ಟು ಹೇಳಿ ಕನ್ನಡಕದಕ್ಕ ನನ್ನ ಹೊಸ ಗಾಜನ್ನು ಕೈಗೆತ್ತಿಕೊಂಡಳು. ಕಲ್ಲಿನ ಮೇಲಿನ ನೀರು ತೊಟ್ಟಿಕ್ಕುತ್ತಿತ್ತು.

"ನನಗೆ ಅವನು ನಿಂತಲ್ಲೇ ನಿಂತಿರಬೇಕಿತ್ತು," ಎಂದಳು. "ಅವರಿಗೆ ಅವನು ನಡೀತಾ ಇರಬೇಕು. ಎರಡೂ ಒಂದೇ ಹೆಸರಿನಲ್ಲಿ ಆಗೋದಿಲ್ಲ ಅಲ್ವಾ? ಬಿಟ್ಟುಕೊಟ್ಟೆ. ಎಣಿಸಬೇಡಿ, ಮುಂದಕ್ಕೇ ಹೋಗಲಿ ಅಂದೆ. ಮೂರು ದಿನಕ್ಕೆ ನಲವತ್ತೊಂದು ದಾಟಿ ಹೋಯ್ತು. ಆ ಸಂಜೆ ನೋಡಿ ದೇವರ ಮುಂದೆ ದೀಪ ಹಚ್ಚಿ ಕೂತುಬಿಟ್ಟೆ."

"ಸಿನಿಮಾ ಮುಗಿಯಿತಾ?"

"ಮುಗೀತು. ಅವರೇ ಇನ್ನೊಂದು ಹಾಕ್ಕೊಂಡಿದಾರೆ. ಸಾವಿರ ಇದೆಯಲ್ಲ."

ಗೋಡೆಯ ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಆಕೆ ಅದನ್ನೊಮ್ಮೆ ನೋಡಿದಳು. "ಈಗ ಶುರುವಾಗಿರುತ್ತೆ," ಎಂದು ಸಣ್ಣ ದನಿಯಲ್ಲಿ ಹೇಳಿ, ನನ್ನ ಗಾಜನ್ನು ಕಲ್ಲಿಗೆ ಒತ್ತಿದಳು.